ಗ್ರೈಂಡರ್ ರಿಪೇರಿಯ ಇಪ್ಪತ್ತು ಪಾವತಿಗಳು

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ಮುಲುಂಡ್, ಡೊಂಬಿವಲಿ, ವಾಶಿ, ಪುಣೆ, ಊರಲ್ಲಿ ಉಳಿದ ನಾಲ್ಕು ಮನೆ. ಭಾನುವಾರ ಬೆಳಿಗ್ಗೆ ಸುರೇಶಣ್ಣ ಒಂದು ಫಾರ್ವರ್ಡ್ ಹಾಕಿದ. ಅಲ್ಲಿಂದ ರಾತ್ರಿವರೆಗೆ ಯಾರೂ ಫೋನ್ ಕೆಳಗಿಡಲಿಲ್ಲ. ನಾನು ಇಂಟರ್ನಲ್ ಆಡಿಟ್ ಕೆಲಸ ಮಾಡುವವಳು. ವಿಷಯ ನನ್ನದೇ ಆದ್ದರಿಂದ ಸುಮ್ಮನಿರಲು ಆಗಲಿಲ್ಲ.

ಫಾರ್ವರ್ಡ್ ಹೀಗಿತ್ತು: "ಅಸಲಿ ಬಿಲ್ಲುಗಳಲ್ಲಿ ನೂರಕ್ಕೆ 30 ಮಾತ್ರ 1ರಿಂದ ಶುರುವಾಗುತ್ತವೆ. ನಿಮ್ಮ ಲೆಕ್ಕದಲ್ಲಿ ಹಾಗಿಲ್ಲದಿದ್ದರೆ ಮ್ಯಾನೇಜರ್ ಕಳ್ಳ! ಎಲ್ಲ ವ್ಯಾಪಾರಿಗಳಿಗೂ ಕಳಿಸಿ 🙏"

ಕೆಳಗೆ ಸುರೇಶಣ್ಣನ ಸ್ವಂತ ಸಾಲು: "2016ರಲ್ಲೇ ಇದು ಗೊತ್ತಿದ್ದರೆ ನಮ್ಮ ಹೋಟೆಲಿಗೆ ಎಷ್ಟೋ ಉಳಿಯುತ್ತಿತ್ತು."

2016 ಎಂದರೆ ಏನು ಅಂತ ಎಲ್ಲರಿಗೂ ಗೊತ್ತು. ಆ ವರ್ಷ ದುಡ್ಡು ಹೊಡೆದ ಅನುಮಾನದಿಂದ ಮುಲುಂಡ್ ಹೋಟೆಲಿನ ಕೌಂಟರಿನಿಂದ ರಘುವಣ್ಣನನ್ನು ಎಬ್ಬಿಸಿದ್ದರು. ಅವನೂ ಇದೇ ಗುಂಪಿನಲ್ಲಿದ್ದಾನೆ.

ಕಿರಣ (ಪುಣೆ): ಇದನ್ನ ಬರೆದದ್ದು ಯಾರು? ಎಲ್ಲಿಯ ಲೆಕ್ಕ ಇದು? ಮೂಲ ಹೇಳದೆ ಫಾರ್ವರ್ಡ್ ಮಾಡಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ.

ಸುರೇಶಣ್ಣ: ನಿನಗೆ ಎಲ್ಲದಕ್ಕೂ ಮೂಲ ಬೇಕು. ಅರಿಶಿನ ಹಾಲಿಗೂ ಮೂಲ ಕೇಳಿದವನು ನೀನು.

ದೊಡ್ಡಪ್ಪ: ಪಾಪದ ದುಡ್ಡು ಯಾರ ಮನೆಯಲ್ಲೂ ನಿಲ್ಲುವುದಿಲ್ಲ. ಎಲ್ಲರಿಗೂ ಶುಭ ಭಾನುವಾರ.

ಶಾಂತತ್ತೆ: ಅಣ್ಣ, ನೀವು ಫೋರ್ಟಿನ ರಾತ್ರಿ ಶಾಲೆಗೆ ಹೋಗುತ್ತಿದ್ದಾಗ ಒಂದು ಲಾಗರಿತಮ್ ಪುಸ್ತಕ ತರುತ್ತಿದ್ದಿರಿ, ನೆನಪಿದೆಯಾ? ಮಾಟುಂಗದ ರೂಮಿನಲ್ಲಿ ಏಳು ಜನ ಮಲಗುತ್ತಿದ್ದೆವು. ಆ ಪುಸ್ತಕ ಅಣ್ಣನ ತಲೆದಿಂಬಿನ ಕೆಳಗೆ ಇರುತ್ತಿತ್ತು.

ದೊಡ್ಡಪ್ಪ: ಮರೆಯುವುದುಂಟೇ? ಐದಾರು ಹುಡುಗರ ಕೈ ದಾಟಿ ಬಂದ ಪುಸ್ತಕ. ಮೊದಲ ಪುಟಗಳೆಲ್ಲ ಕೈ ಕೊಳೆಯಿಂದ ಕಪ್ಪಾಗಿದ್ದವು. ಹಿಂದಿನವು ಹೊಸದರ ಹಾಗೆ.

ಇದನ್ನು ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಈ ವಿಷಯ ಶುರುವಾದದ್ದೇ ಅಂಥ ಪುಸ್ತಕದಿಂದ. ನಾನು ಬರೆದೆ:

ನಾನು: ಕಿರಣಾ, ಮೂಲ ದೊಡ್ಡಪ್ಪನೇ ಹೇಳಿದರು ನೋಡು. 1881ರಲ್ಲಿ ಸೈಮನ್ ನ್ಯೂಕಂಬ್ ಎಂಬ ಖಗೋಳ ವಿಜ್ಞಾನಿ ಇದನ್ನೇ ಗಮನಿಸಿದ. ದೊಡ್ಡ ಗುಣಾಕಾರಕ್ಕೆ ನೋಡುವ ಲಾಗ್ ಪುಸ್ತಕದಲ್ಲಿ 1ರಿಂದ ಶುರುವಾಗುವ ಸಂಖ್ಯೆಗಳು ಮೊದಲ ಪುಟಗಳಲ್ಲಿರುತ್ತವೆ. ಆ ಪುಟಗಳೇ ಜಾಸ್ತಿ ಸವೆದಿದ್ದವು. ಅಂದರೆ ಜನ 1ರಿಂದ ಶುರುವಾಗುವ ಸಂಖ್ಯೆಗಳನ್ನೇ ಜಾಸ್ತಿ ಹುಡುಕುತ್ತಿದ್ದರು. 1938ರಲ್ಲಿ ಫ್ರಾಂಕ್ ಬೆನ್‌ಫರ್ಡ್ 20 ಸಾವಿರಕ್ಕೂ ಜಾಸ್ತಿ ಸಂಖ್ಯೆ ಕಲೆಹಾಕಿ ಅದನ್ನೇ ತೋರಿಸಿದ. 1ರಿಂದ ಶುರುವಾಗುವವು 30.1%, 2ರಿಂದ 17.6%, ಹೀಗೆ ಇಳಿಯುತ್ತಾ 9ಕ್ಕೆ ಬಂದಾಗ 4.6%.

ಕಿರಣ: ಯಾಕೆ ಹಾಗೆ? ಒಂಬತ್ತೂ ಅಂಕಿಗಳು ಸಮ ಬರಬೇಕಲ್ಲ?

ನಾನು: ತರಕಾರಿ ಬಿಲ್ಲು ಸಾವಿರದಲ್ಲಿದೆ ಅಂದುಕೋ. ಮೊದಲ ಅಂಕಿ 2 ಆಗಬೇಕಾದರೆ ಬಿಲ್ಲು ದುಪ್ಪಟ್ಟಾಗಬೇಕು. ಒಂಬತ್ತು ಸಾವಿರದಲ್ಲಿದ್ದರೆ ಹತ್ತು ದಾಟಲು ನೂರಕ್ಕೆ ಹನ್ನೊಂದು ಏರಿದರೆ ಸಾಕು. 1ರ ಮನೆಯಲ್ಲಿ ವಾಸ ಜಾಸ್ತಿ, 9ರ ಮನೆಯಲ್ಲಿ ಕಡಿಮೆ. ಕೂತು ಸುಳ್ಳು ಬಿಲ್ಲು ಬರೆಯುವವನಿಗೆ ಇದು ಗೊತ್ತಿರುವುದಿಲ್ಲ. ಅಮೆರಿಕದ ಅರಿಜೋನಾದಲ್ಲಿ 1993ರಲ್ಲಿ ಒಂದು ಪ್ರಕರಣ ನಡೆಯಿತು. ಖಜಾನೆಯ ನೌಕರನೊಬ್ಬ 23 ಚೆಕ್ ಬರೆದು ಸುಮಾರು 20 ಲಕ್ಷ ಡಾಲರ್ ಹೊಡೆಯಲು ನೋಡಿದ. ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಚೆಕ್ಕುಗಳು 7, 8, 9ರಿಂದ ಶುರುವಾಗಿದ್ದವು. ಎಲ್ಲವೂ ಒಂದು ಲಕ್ಷ ಡಾಲರಿನ ಕೆಳಗೇ ನಿಂತಿದ್ದವು.

ಸುರೇಶಣ್ಣ: ಅದೇ ನಾನೂ ಹೇಳಿದ್ದು! ನಮ್ಮ ಹಾಲಿನ ಬಿಲ್ಲು ಇಡೀ ವರ್ಷ 2ರಿಂದಲೇ ಶುರು. ಒಂದಾದರೂ 1 ಇತ್ತಾ? ಇಲ್ಲ.

ಇಷ್ಟು ಹೊತ್ತು ಸುಮ್ಮನಿದ್ದ ರಘುವಣ್ಣನ ಹೆಸರಿನ ಕೆಳಗೆ ಟೈಪಿಂಗ್ ಅಂತ ಬಂತು. ಹೋಯಿತು. ಮತ್ತೆ ಬಂತು. ಕೊನೆಗೆ ಏನೂ ಬರಲಿಲ್ಲ. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು.

ನಾನು: ಸುರೇಶಣ್ಣಾ, ಹಾಲಿನ ಬಿಲ್ಲಿಗೆ ಬೆನ್‌ಫರ್ಡನ ಈ ನಿಯಮ ಹಾಕುವ ಹಾಗೇ ಇಲ್ಲ. ದಿನಕ್ಕೆ 50 ಲೀಟರ್, ಲೀಟರಿಗೆ 44 ಅಂದರೆ 2,200. ಒಂದೆರಡು ಲೀಟರ್ ಹೆಚ್ಚು ಕಡಿಮೆ ಆದರೂ 2ರಿಂದಲೇ ಶುರು. 1ರಿಂದ ಬರಬೇಕಾದರೆ ದಿನಕ್ಕೆ ಐದು ಲೀಟರಾದರೂ ಕಡಿಮೆ ಆಗಬೇಕಿತ್ತು. ಬಾಡಿಗೆ, ಸಂಬಳ, ಗ್ಯಾಸ್ ಸಿಲಿಂಡರ್ ಕೂಡ ಹಾಗೆಯೇ, ದರ ಗಟ್ಟಿ ಇರುವಂಥವು. ಎಂಬತ್ತು ರೂಪಾಯಿ ಕೊತ್ತಂಬರಿಯಿಂದ ಒಂದೂವರೆ ಲಕ್ಷದ ಎಣ್ಣೆಯವರೆಗೆ ಮೊತ್ತ ಹರಡಿರುವ ಲೆಕ್ಕದಲ್ಲಿ ಮಾತ್ರ ಇದು ನಡೆಯುತ್ತದೆ. ಅದೂ ಸಾವಿರಗಟ್ಟಲೆ ಬಿಲ್ಲು ಇದ್ದರೆ. ಐವತ್ತು ಬಿಲ್ಲು ನೋಡಿ ಯಾರ ಮೇಲೂ ಬೆರಳು ತೋರಿಸಲು ಆಗದು.

ಪ್ರಕಾಶ (ವಾಶಿ): ಆಗ ಯಾರು ಯಾರ ಮೇಲೆ ಬೆರಳು ತೋರಿಸಿದರು ಅಂತ ನನಗೂ ನೆನಪಿದೆ. ಗೃಹಪ್ರವೇಶದ ದಿನ, ಊಟದ ಎಲೆ ಮುಂದೆ.

ಸುರೇಶಣ್ಣ: ಪ್ರಕಾಶಾ, ನಿನ್ನ ಅಂಗಡಿ ಸಾಲ ತೀರಿಸಿದ್ದು ಯಾರು ಅಂತಲೂ ನೆನಪಿರಲಿ.

ದೊಡ್ಡಪ್ಪ: ಗುಂಪಿನಲ್ಲಿ ದುಡ್ಡಿನ ಮಾತು ಬೇಡ.

ಇಲ್ಲಿಂದ ಸುಮಾರು ಎಪ್ಪತ್ತು ಮೆಸೇಜು ಸಾಲದ ಬಗ್ಗೆ, ಗೃಹಪ್ರವೇಶದ ಹೋಳಿಗೆಯ ಬಗ್ಗೆ, ಯಾರು ಯಾರಿಗೆ ಸೀರೆ ಕೊಡಲಿಲ್ಲ ಎಂಬುದರ ಬಗ್ಗೆ. ಅಂಕಿಯ ಮಾತು ಯಾರೂ ಎತ್ತಲಿಲ್ಲ. ಕಿರಣ ಮಾತ್ರ ನನಗೆ ಪ್ರತ್ಯೇಕ ಬರೆದ: "ಸರಿ, ನಂಬುತ್ತೇನೆ. ಆದರೆ ನಮ್ಮದೇ ಲೆಕ್ಕದಲ್ಲಿ ತೋರಿಸು."

ನಮ್ಮ ಮನೆಯವರ ಮೂರೂ ಹೋಟೆಲಿನ ಟ್ಯಾಲಿ ಫೈಲ್ ನನ್ನ ಹತ್ತಿರ ಇತ್ತು. ಜಿಎಸ್‌ಟಿಗೆ ಸಹಾಯ ಮಾಡುವಾಗ ಸುರೇಶಣ್ಣನೇ ಕಳಿಸಿದ್ದ. ನೋಡಬಹುದಾ ಅಂತ ಅವನನ್ನೇ ಕೇಳಿದೆ. "ನೋಡು, ನನ್ನದೇನು ಮುಚ್ಚುಮರೆ" ಅಂದ. 2024ರ ಏಪ್ರಿಲ್‌ನಿಂದ ಒಂದು ವರ್ಷಕ್ಕೆ 5,800 ಪಾವತಿಗಳಿದ್ದವು. ಹಾಲು, ಪಾವ್, ಗ್ಯಾಸ್, ಬಾಡಿಗೆ, ಸಂಬಳ ತೆಗೆದೆ. ಹತ್ತು ರೂಪಾಯಿಗಿಂತ ಕಡಿಮೆಯವನ್ನೂ ಬಿಟ್ಟೆ. ಉಳಿದದ್ದು 2,600.

ಮೊದಲ ಅಂಕಿ ಒಂದನ್ನೇ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಇದು ಆಗಾಗ ಹೀಗೆಯೇ ಆಗುತ್ತದೆ. ಬಲೆಯ ಕಣ್ಣು ದೊಡ್ಡದು, ಸಣ್ಣ ಮೀನು ಸಿಗುವುದಿಲ್ಲ. ಅದಕ್ಕೇ ಮೊದಲ ಎರಡು ಅಂಕಿ ನೋಡಬೇಕು, 10ರಿಂದ 99ರವರೆಗೆ. ನಿಯಮದ ಪ್ರಕಾರ 49ರಿಂದ ಶುರುವಾಗುವವು ನೂರಕ್ಕೆ 0.88. ಅಂದರೆ 2,600ರಲ್ಲಿ ಸುಮಾರು 23. ಆಕಸ್ಮಿಕವಾಗಿ ಮೂವತ್ತರ ಆಸುಪಾಸು ಬಂದರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಮ್ಮಲ್ಲಿ ಬಂದದ್ದು 71.

ಆ 71ರಲ್ಲಿ 52 ಪಾವತಿಗಳು 4,900 ಮತ್ತು 4,999ರ ನಡುವೆ ಇದ್ದವು. ನಮ್ಮ ಹೋಟೆಲುಗಳಲ್ಲಿ ಐದು ಸಾವಿರದಿಂದ ಮೇಲಿನ ಬಿಲ್ಲಿಗೆ ಸುರೇಶಣ್ಣನ ಸಹಿ ಬೇಕು. ಅದರ ಕೆಳಗೆ ಮ್ಯಾನೇಜರ್ ತಾನೇ ಕೊಡಬಹುದು. ಗೋಡೆಯ ಕೆಳಗೆ ಇಷ್ಟೊಂದು ಜನ ನಿಂತಿದ್ದಾರೆ ಅಂತ ತೋರಿಸುವುದು ಈ ಪರೀಕ್ಷೆಯ ಕೆಲಸ. ಯಾಕೆ ನಿಂತಿದ್ದಾರೆ ಅಂತ ಅದು ಹೇಳುವುದಿಲ್ಲ. ಒಂದೊಂದೇ ಬಿಲ್ಲು ತೆಗೆದು ನೋಡಬೇಕು. 32 ಬಿಲ್ಲುಗಳಿಗೆ ಕಾರಣ ಸಿಕ್ಕಿತು. ಕೆಲವು ವಾಶಿ ಮಾರ್ಕೆಟ್ಟಿನ ಮಾಮೂಲಿ ತರಕಾರಿ. ಇನ್ನು ಕೆಲವು ಒಂದೇ ಖರೀದಿಯನ್ನು ಎರಡು ಬಿಲ್ಲು ಮಾಡಿದ್ದು. ಸುರೇಶಣ್ಣ ಊರಿಗೆ ಹೋಗಿದ್ದಾಗ ಸಹಿ ಸಿಗದೆ ಹಾಗೆ ಮಾಡಿದ್ದರು. ಅದು ತಪ್ಪು, ಆದರೆ ಸುಳ್ಳು ಬಿಲ್ಲಲ್ಲ. ಸಾಮಾನು ಬಂದಿತ್ತು.

ಉಳಿದ 20 ಒಂದೇ ಹೋಟೆಲಿನವು. ಎಲ್ಲವೂ ಗ್ರೈಂಡರ್ ರಿಪೇರಿ.

ಆಮೇಲೆ ಡೂಪ್ಲಿಕೇಟ್ ಪರೀಕ್ಷೆ. B ಕಾಲಮಿನಲ್ಲಿ ಪಾರ್ಟಿಯ ಹೆಸರು, C ಯಲ್ಲಿ ಮೊತ್ತ, D ಯಲ್ಲಿ ಬಿಲ್ ನಂಬರ್. ಕಿರಣ ಕೇಳಿದ್ದಕ್ಕೆ ಫಾರ್ಮುಲಾ ಗುಂಪಿನಲ್ಲೇ ಹಾಕಿದೆ:

```
=LEFT(INT(C2),2)
=COUNTIFS(B:B,B2,C:C,C2,D:D,D2)
```

ಮೊದಲನೆಯದು ಎರಡು ಅಂಕಿ ತೆಗೆಯುತ್ತದೆ. ಎರಡನೆಯದರಲ್ಲಿ 1ಕ್ಕಿಂತ ಜಾಸ್ತಿ ಬಂದರೆ ಮೂರೂ ಒಂದೇ ಇರುವ ಪಾವತಿ ಇನ್ನೊಂದಿದೆ ಎಂದರ್ಥ. ಮೊದಲ ಸಲ ಒಂದೂ ಸಿಗಲಿಲ್ಲ. ಯಾವ ಕಳ್ಳನೂ ಅದೇ ನಂಬರನ್ನು ಅದೇ ಥರ ಎರಡು ಸಲ ಬರೆಯುವುದಿಲ್ಲ. ಬಿಲ್ ನಂಬರುಗಳ ಮುಂದಿನ ಸೊನ್ನೆ, ಗೆರೆ, ಅಕ್ಷರ ಎಲ್ಲ ಅಳಿಸಿದೆ. ಪಾರ್ಟಿಯ ಹೆಸರನ್ನು ಬಿಟ್ಟು ಮೊತ್ತ ಮತ್ತು ನಂಬರ್ ಮಾತ್ರ ಇಟ್ಟೆ. ಆಗ ಒಂದು ಎದ್ದು ಬಂತು. 4,970 ರೂಪಾಯಿ, ಒಂದು ಸಲ ಬಿಲ್ 219, ಮೂರು ವಾರದ ನಂತರ 0219. ಎರಡನೇ ಸಲ ಪಾರ್ಟಿಯ ಹೆಸರಿನ ಸ್ಪೆಲ್ಲಿಂಗ್ ಬೇರೆ. ದುಡ್ಡು ಹೋದ ಬ್ಯಾಂಕ್ ಖಾತೆ ಮಾತ್ರ ಒಂದೇ.

ಅದೇ ಖಾತೆಗೆ ಹೋದ ಎಲ್ಲ ಬಿಲ್ಲುಗಳನ್ನು ಸಾಲಾಗಿ ಇಟ್ಟೆ. 214, 215, 216. ಹೀಗೆ 232ರವರೆಗೆ, ಒಂದೂ ತಪ್ಪದೆ. ಹನ್ನೆರಡು ತಿಂಗಳಲ್ಲಿ 19 ಬಿಲ್ಲು, 20 ಪಾವತಿ, ಸುಮಾರು 99 ಸಾವಿರ ರೂಪಾಯಿ. ವರ್ಷವಿಡೀ ನಮ್ಮನ್ನು ಬಿಟ್ಟು ಬೇರೆ ಒಬ್ಬ ಗಿರಾಕಿಗೂ ಬಿಲ್ಲು ಹರಿಯದ ರಿಪೇರಿಯವನು ಮುಂಬೈಯಲ್ಲಿ ಹೇಗೆ ಬದುಕುತ್ತಾನೆ? ನನ್ನ ತಲೆ ಕೆಡಿಸಿದ್ದು ಇದೇ.

ಇದನ್ನು ಗುಂಪಿನಲ್ಲಿ ಹಾಕಲಿಲ್ಲ. 2016ರ ತಪ್ಪನ್ನೇ ನಾನೂ ಮಾಡಿದ ಹಾಗಾಗುತ್ತಿತ್ತು. ಸುರೇಶಣ್ಣನಿಗೆ ಫೋನ್ ಮಾಡಿದೆ. ಇದು ಇನ್ನೂ ಸಾಕ್ಷಿಯಲ್ಲ ಅಂದೆ. ಬಿಲ್ಲಿನ ವಿಳಾಸಕ್ಕೆ ಹೋಗಿ ನೋಡಬೇಕು, ಬದಲಾಯಿಸಿದ ಹಳೇ ಪಾರ್ಟು ಎಲ್ಲಿ ಅಂತ ಕೇಳಬೇಕು, ಆ ದಿನಗಳಲ್ಲಿ ಗ್ರೈಂಡರ್ ನಿಂತಿತ್ತಾ ಅಂತ ಹಿಟ್ಟು ರುಬ್ಬುವವರನ್ನು ಕೇಳಬೇಕು. ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಹಾಲಿನದು ನಿಜಕ್ಕೂ ಹಾಗೇನಾ? 2ರಿಂದಲೇ ಬರಬೇಕಾ?"

"ಹೌದು ಅಣ್ಣ. ಬೇರೆ ದಾರಿಯೇ ಇಲ್ಲ."

ರಾತ್ರಿ ಹತ್ತೂವರೆಗೆ ಗುಂಪಿನಲ್ಲಿ ಶಾಂತತ್ತೆ ಮಾಟುಂಗದ ರೂಮಿನ ಹಳೇ ಫೋಟೋ ಹಾಕಿದ್ದರು. ಅದರ ಕೆಳಗೆ ಸುರೇಶಣ್ಣ ಬರೆದ:

ಸುರೇಶಣ್ಣ: ರಘು, ಬೆಳಗಿನ ಮೆಸೇಜ್ ಅಳಿಸಿದ್ದೇನೆ. ಎಲ್ಲರ ಮುಂದೆ ಹೇಳಿದ್ದೆ, ಎಲ್ಲರ ಮುಂದೆಯೇ ಹೇಳುತ್ತೇನೆ. ಹಾಲಿನ ಬಿಲ್ಲಿನ ವಿಷಯದಲ್ಲಿ ನನ್ನದು ತಪ್ಪು. ನಮ್ಮ ದೊಡ್ಡ ಗ್ರೈಂಡರ್ ನಿನಗೆ ಗೊತ್ತಲ್ಲ. ವರ್ಷಕ್ಕೆ ಎಷ್ಟು ಸಲ ರಿಪೇರಿಗೆ ಬರುತ್ತದೆ?

ಈ ಸಲ ಟೈಪಿಂಗ್ ಅಂತ ಬಂದು ಹೋಗಲಿಲ್ಲ.

ರಘುವಣ್ಣ: ಬೆಲ್ಟ್ ಒಂದು ಸಲ. ಕಲ್ಲು ಕೊಚ್ಚಿಸುವುದು ಎರಡು ಸಲ. ಅದಕ್ಕಿಂತ ಜಾಸ್ತಿ ಅಂದರೆ ಬಂದು ನೋಡಬೇಕು. ಬಿಲ್ಲುಗಳನ್ನು ಎಸೆಯಬೇಡಿ.