ಪಲ್ಲವಿ ನಾಲ್ಕೆಣಿಕೆ, ಚರಣ ಮೂರೆಣಿಕೆ: ತಿರುವಿನಲ್ಲಿ ಲಯ ನಿಲ್ಲುತ್ತಿಲ್ಲ

ತುಮಕೂರು ಗಿಟಾರ್:
ನಮ್ಮದು ತುಮಕೂರಿನ ಚಿಕ್ಕ ಸುಗಮ ಸಂಗೀತ ತಂಡ. ಇಬ್ಬರು ಗಾಯಕಿಯರು, ತಬಲ, ಜೊತೆಗೆ ನನ್ನ ಗಿಟಾರ್. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನಾವೇ ರಾಗ ಹಾಕಿರುವ ಹಾಡೊಂದರಲ್ಲಿ ಪಲ್ಲವಿ ನಾಲ್ಕೆಣಿಕೆಯಲ್ಲಿದೆ, ಚರಣ ಮೂರೆಣಿಕೆಗೆ ತಿರುಗುತ್ತದೆ. ವೇಗ ನಿಮಿಷಕ್ಕೆ 96 ಎಣಿಕೆ. ಚರಣ ಎಂಟು ಆವರ್ತ ನಡೆದು ಮತ್ತೆ ಪಲ್ಲವಿಗೆ ಬರುತ್ತೇವೆ. ಎಣಿಕೆಯ ವೇಗ ಹಾಡಿನುದ್ದಕ್ಕೂ ಒಂದೇ ಇರಬೇಕೆಂಬುದು ನಮ್ಮ ಆಸೆ. ಆದರೆ ಚರಣದ ಮೊದಲ ಸಾಲಿನಲ್ಲೇ ಹಾಡು ಒಮ್ಮೆ ಜಗ್ಗಿದಂತಾಗುತ್ತದೆ, ಆಮೇಲೆ ಎಲ್ಲರೂ ಓಡುತ್ತೇವೆ. ಪಲ್ಲವಿಯನ್ನು ಮತ್ತು ಚರಣವನ್ನು ಬೇರೆಬೇರೆಯಾಗಿ ಅಭ್ಯಾಸ ಮಾಡಿದರೆ ಯಾವ ತೊಂದರೆಯೂ ಇಲ್ಲ. ಎಲ್ಲಿ ಹುಡುಕಬೇಕು?

ಗೌರಿಬಿದನೂರು ಗಾಯಕ:
ಇದು ತಿಶ್ರ ನಡೆ. ತಾಳ ಹಾಕುವ ಕೈ ಬದಲಾಗಲೇಬಾರದು. ಒಂದೊಂದು ಎಣಿಕೆಯೊಳಗೆ ತಕಧಿಮಿ ಎನ್ನುವ ಬದಲು ತಕಿಟ ಎನ್ನಿ, ಸರಿಹೋಗುತ್ತದೆ.

ಕೋಲಾರ ಮೃದಂಗ:
ಕೈ ಬದಲಾಗಬಾರದು ಎಂಬ ಮಾತು ಸರಿ. ಆದರೆ ಅವರು ಕೇಳಿರುವುದು ನಡೆಯ ವಿಷಯವಲ್ಲ. ತಿಶ್ರ ನಡೆಯಲ್ಲಿ ಆವರ್ತ ನಾಲ್ಕೆಣಿಕೆಯದ್ದಾಗಿಯೇ ಉಳಿಯುತ್ತದೆ, ಎಣಿಕೆಯ ಒಳಗಿನ ನಾಲ್ಕು ಭಾಗ ಮೂರಾಗುತ್ತದೆ. ಇಲ್ಲಿ ಎಣಿಕೆಯ ಒಳಗು ಹಾಗೆಯೇ ಇದ್ದು ಆವರ್ತವೇ ಒಂದು ಎಣಿಕೆಯಷ್ಟು ಮೊಟಕಾಗುತ್ತದೆ. ಇವರು ಎಣಿಕೆಯೊಳಗೆ ತಕಿಟ ಹೇಳಲು ಹೊರಟರೆ ಸಾಹಿತ್ಯ ಕೂರುವುದೇ ಇಲ್ಲ.

ತುಮಕೂರಿನವರೇ, ಅಂದಾಜಿನಲ್ಲಿ ಮಾತನಾಡುವುದು ಬೇಡ. ಅಭ್ಯಾಸವನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ, ಕಂಪ್ಯೂಟರ್‌ನಲ್ಲಿ ಅಲೆಯ ಚಿತ್ರ ತೆರೆದು ಒಂದು ಆವರ್ತದ ಮೊದಲ ಪೆಟ್ಟಿನಿಂದ ಮುಂದಿನ ಆವರ್ತದ ಮೊದಲ ಪೆಟ್ಟಿನವರೆಗೆ ಅಳೆಯಿರಿ. 96ರ ವೇಗದಲ್ಲಿ ಒಂದು ಎಣಿಕೆಗೆ 0.625 ಸೆಕೆಂಡ್. ನಾಲ್ಕೆಣಿಕೆಯ ಆವರ್ತಕ್ಕೆ 2.5 ಸೆಕೆಂಡ್, ಮೂರೆಣಿಕೆಯದ್ದಕ್ಕೆ ಸುಮಾರು 1.88 ಬರಬೇಕು. ಚರಣದಲ್ಲೂ 2.5ರ ಹತ್ತಿರ ಬಂದರೆ ನೀವು ಮೂರೆಣಿಕೆಯನ್ನು ನಾಲ್ಕರ ಜಾಗಕ್ಕೆ ಎಳೆಯುತ್ತಿದ್ದೀರಿ ಎಂದು ಅರ್ಥ. ಆಗ ವೇಗ 72ಕ್ಕೆ ಇಳಿದಿರುತ್ತದೆ.

ಚಿಂತಾಮಣಿ ಕೀಬೋರ್ಡ್:
ನನಗೂ ಇದೇ ಕಾಟ. ಕೀಬೋರ್ಡ್‌ನಲ್ಲಿ ಎಂಟು ಬೀಟ್‌ನ ರಿದಂನಿಂದ ವಾಲ್ಟ್ಸ್ ರಿದಂಗೆ ಹೋದರೆ ವೇಗವೇ ಬದಲಾಗುತ್ತಿತ್ತು. ಎರಡೂ ರಿದಂಗಳನ್ನು ಒಂದೇ ವೇಗದಲ್ಲಿಟ್ಟು ಮೆಮೊರಿಯ ಎರಡು ಗುಂಡಿಗಳಲ್ಲಿ ಉಳಿಸಿಕೊಂಡ ಮೇಲೆ ಸರಿಹೋಯಿತು. ಗುಂಡಿಯನ್ನು ಪಲ್ಲವಿಯ ಕೊನೆಯ ಆವರ್ತದ ನಡುವೆಯೇ ಒತ್ತಬೇಕು, ನನ್ನ ಕೀಬೋರ್ಡ್‌ನಲ್ಲಿ ಹೊಸ ರಿದಂ ಮುಂದಿನ ಆವರ್ತದ ಆರಂಭಕ್ಕೇ ಹಿಡಿಯುವುದು. ನಿಮ್ಮ ಕೀಬೋರ್ಡ್ ಯಾವುದು?

ತುಮಕೂರು ಗಿಟಾರ್:
ನಮ್ಮಲ್ಲಿ ಕೀಬೋರ್ಡ್ ಇಲ್ಲ ಸರ್, ತಬಲವೇ. ಕೋಲಾರದವರು ಹೇಳಿದಂತೆ ಅಳೆದೆ. ಪಲ್ಲವಿಯ ಆವರ್ತಗಳು ಹೆಚ್ಚುಕಡಿಮೆ 2.5. ಚರಣದ ಮೊದಲ ಆವರ್ತ 2.2, ಅಲ್ಲಿಂದ ಮುಂದೆ ಎಲ್ಲವೂ 1.75ರ ಆಸುಪಾಸು.

ಕೋಲಾರ ಮೃದಂಗ:
ಹಾಗಾದರೆ ಇದು ಎರಡು ಕಾಯಿಲೆ. ಮೊದಲ ಆವರ್ತದಲ್ಲಿ ವೇಗ 82ಕ್ಕೆ ಇಳಿದಿದೆ. ಹಳೆಯ ನಾಲ್ಕನೆಯ ಎಣಿಕೆಗಾಗಿ ಯಾರೋ ಕಾಯುತ್ತಿದ್ದಾರೆ. ಆಮೇಲೆ 103ರ ಹತ್ತಿರಕ್ಕೆ ಏರಿದೆ. ಆವರ್ತದ ಮೊದಲ ಪೆಟ್ಟು ಬೇಗಬೇಗ ಎದುರಾಗುವುದರಿಂದ ಹಾಡಿಗೇ ವೇಗ ಬಂದಂತೆ ಅನಿಸಿ ಕೈ ನಿಜವಾಗಿಯೂ ಓಡುತ್ತದೆ. ನಿಮ್ಮ ಚರಣದ 24 ಎಣಿಕೆಗೆ 15 ಸೆಕೆಂಡ್ ಹಿಡಿಯಬೇಕು. ನಿಮ್ಮದು ಹದಿನಾಲ್ಕೂವರೆಗೇ ಮುಗಿಯುತ್ತಿದೆ.

ಮೆಟ್ರೊನೋಮ್‌ನಲ್ಲಿ ಮೊದಲ ಎಣಿಕೆಗೆ ಬರುವ ಗಟ್ಟಿ ಸದ್ದನ್ನು ತೆಗೆದುಬಿಡಿ. ಎಲ್ಲ ಕ್ಲಿಕ್‌ಗಳೂ ಒಂದೇ ಸಮ ಇರಲಿ. ಬಾಯಲ್ಲಿ ಪ್ರತಿ ಎಣಿಕೆಗೆ ಒಂದು "ತಕ" ಹೇಳಿ: ಪಲ್ಲವಿಗೆ ನಾಲ್ಕು, ಚರಣಕ್ಕೆ ಮೂರು. ತಿರುವು ದಾಟುವಾಗ "ತ" ಮತ್ತು "ಕ"ದ ನಡುವಿನ ಅಂತರ ಹಿಗ್ಗಿದರೆ ತಕ್ಷಣ ಕಿವಿಗೆ ಬೀಳುತ್ತದೆ. ಗಿಟಾರ್‌ನಲ್ಲೂ ಅಷ್ಟೆ. ಎಣಿಕೆಗೆ ಕೈ ಕೆಳಗೆ, ಅದರ ಅರ್ಧಕ್ಕೆ ಮೇಲೆ. ತಂತಿಗೆ ತಾಗಿಸಲಿ ಬಿಡಲಿ, ಕೈಯ ತೂಗಾಟ ನಿಲ್ಲಬಾರದು. ಚರಣಕ್ಕೆಂದು ಬೇರೆ ಬಗೆಯ ಸ್ಟ್ರಮ್ಮಿಂಗ್ ಹಿಡಿದಿದ್ದರೆ ಕೈ ನಿಲ್ಲುವುದು ಅಲ್ಲಿಯೇ.

ಇದು ಬಂದ ಮೇಲೆ ಕ್ಲಿಕ್ಕನ್ನು 48ಕ್ಕೆ ಇಳಿಸಿ. ಪಲ್ಲವಿಯಲ್ಲಿ ಅದು ಒಂದು ಮತ್ತು ಮೂರನೆಯ ಎಣಿಕೆಗೆ ಬೀಳುತ್ತದೆ. ಚರಣದ ಮೊದಲ ಆವರ್ತದಲ್ಲೂ ಒಂದು ಮತ್ತು ಮೂರಕ್ಕೇ, ಎರಡನೆಯದರಲ್ಲಿ ಮಾತ್ರ ನಡುವಿನ ಎಣಿಕೆಗೆ, ಮೂರನೆಯದರಲ್ಲಿ ಮತ್ತೆ ಒಂದು ಮತ್ತು ಮೂರಕ್ಕೆ. ನಿಮ್ಮದು ಎಂಟು ಆವರ್ತವಾದ್ದರಿಂದ ಪಲ್ಲವಿಗೆ ಮರಳಿದಾಗ ಕ್ಲಿಕ್ ಸರಿಯಾಗಿ ಮೊದಲ ಎಣಿಕೆಗೆ ಸಿಗಬೇಕು. ಸಿಗದಿದ್ದರೆ ಒಳಗೆಲ್ಲೋ ಜಾರಿದ್ದೀರಿ.

ತಿಪಟೂರು ತಬಲ:
ತಬಲದವರು ಚರಣಕ್ಕೆ ಏನು ನುಡಿಸುತ್ತಾರೆ ಎಂದು ಯಾರೂ ಕೇಳಲಿಲ್ಲ. ಪಲ್ಲವಿಗೆ ಕೆಹರ್ವಾ, ಚರಣಕ್ಕೆ ದಾದ್ರಾ ತಾನೇ?

ತುಮಕೂರು ಗಿಟಾರ್:
ಹೌದು. ಎರಡೂ ಒಂದೇ ವೇಗದಲ್ಲಿವೆ ಎಂದು ಅವರು ಹೇಳುತ್ತಾರೆ.

ತಿಪಟೂರು ತಬಲ:
ಅವರು ಹೇಳುವುದು ನಿಜವಿರಬಹುದು, ಆದರೂ ತೊಡಕು ಅಲ್ಲಿಯೇ ಇದೆ. ಕೆಹರ್ವಾದ ಎಂಟು ಮಾತ್ರೆ ನಿಮ್ಮ ನಾಲ್ಕೆಣಿಕೆಗೆ ಎರಡೆರಡರಂತೆ ಹಂಚಿಹೋಗುತ್ತದೆ: ಧಾಗೆ ನಾತಿ ನಾಕ ಧಿನಾ. ಅದೇ ಲೆಕ್ಕದಲ್ಲಿ ದಾದ್ರಾದ ಆರು ಮಾತ್ರೆಯೂ ಮೂರೆಣಿಕೆಗೆ ಹೊಂದುತ್ತದೆ, ಮಾತ್ರೆಯ ವೇಗವೂ ಬದಲಾಗುವುದಿಲ್ಲ. ಆದರೆ ದಾದ್ರಾ ಮುರಿಯುವುದು ಮೂರು ಮೂರಾಗಿ: ಧಾ ಧಿ ನಾ, ಧಾ ತಿ ನಾ. ಎರಡನೆಯ ಧಾ ನಿಮ್ಮ ಎರಡನೆಯ ಮತ್ತು ಮೂರನೆಯ ಎಣಿಕೆಗಳ ನಟ್ಟನಡುವೆ ಬಂದು ಬೀಳುತ್ತದೆ. ಗಿಟಾರ್ ಆವರ್ತಕ್ಕೆ ಮೂರು ಹೆಜ್ಜೆ ಇಡುತ್ತಿದ್ದರೆ ತಬಲ ಎರಡೇ ಇಡುತ್ತದೆ. ಗಾಯಕಿಯರ ಕಿವಿ ಆ ಧಾವನ್ನೇ ಎಣಿಕೆ ಎಂದು ಹಿಡಿದರೆ ಅವರ ಪಾಲಿಗೆ ವೇಗ 96ರಿಂದ 64ಕ್ಕೆ ಇಳಿದಂತೆ. ಮೊದಲ ಆವರ್ತ ಜಗ್ಗುವುದಕ್ಕೆ ನನಗೆ ಕಾಣುವ ಕಾರಣ ಇದೇ.

ದಾದ್ರಾವನ್ನು ಎರಡು ಆವರ್ತಕ್ಕೆ ಹರಡಿ ನುಡಿಸಲು ಹೇಳಿ. ಮೊದಲ ಆವರ್ತಕ್ಕೆ ಧಾ ಧಿ ನಾ, ಎರಡನೆಯದಕ್ಕೆ ಧಾ ತಿ ನಾ, ಎಣಿಕೆಗೆ ಒಂದು ಮಾತ್ರೆ. ನಡುವೆ ಬೇಕಾದಷ್ಟು ತುಂಬಿಸಿಕೊಳ್ಳಲಿ.

ಕೋಲಾರ ಮೃದಂಗ:
ಒಪ್ಪಿದೆ, ಇದು ನನಗೆ ಹೊಳೆದಿರಲಿಲ್ಲ. ಆದರೆ ಎರಡಕ್ಕೆ ಮೂರರ ಆ ಎಳೆದಾಟದಲ್ಲಿ ಚೆಲುವಿದೆ. ಪೂರ್ತಿ ಬಿಡಬೇಕೆ? ಮೊದಲೆರಡು ಆವರ್ತ ನೇರವಾಗಿ ನುಡಿಸಿ, ಎಣಿಕೆ ಎಲ್ಲರ ಮೈಗೆ ಹಿಡಿದ ಮೇಲೆ ಆರು ಮಾತ್ರೆಯ ದಾದ್ರಾಕ್ಕೆ ಹೋಗಬಹುದು.

ತಿಪಟೂರು ತಬಲ:
ವೇದಿಕೆಯ ಮೇಲೆ ಮಾನಿಟರ್ ಸ್ಪೀಕರ್ ಸರಿಯಿಲ್ಲದಾಗ ಗಾಯಕಿಯರಿಗೆ ಕೇಳಿಸುವುದು ತಬಲ ಮಾತ್ರ. ನಾನಾದರೆ ಆ ಸಾಹಸಕ್ಕೆ ಹೋಗುವುದಿಲ್ಲ.

ತುಮಕೂರು ಗಿಟಾರ್:
ದಾದ್ರಾವನ್ನು ಹರಡಿ ನುಡಿಸಿ ನೋಡಿದೆವು. ಮೊದಲ ಆವರ್ತ 1.9ಕ್ಕೆ ಬಂದಿದೆ, ಜಗ್ಗುವುದು ನಿಂತಿದೆ. ಓಟ ಇನ್ನೂ ಸ್ವಲ್ಪ ಉಳಿದಿದೆ, 1.8ರ ಹತ್ತಿರ. 48ರ ಕ್ಲಿಕ್ಕಿನಲ್ಲಿ ನಡುವಿನ ಎಣಿಕೆ ಬಂದಾಗ ಗಾಯಕಿಯೊಬ್ಬರು ಅದನ್ನೇ ಹೊಸ ಆವರ್ತದ ಆರಂಭವೆಂದು ತಿಳಿದು ಸಾಲು ಎತ್ತಿಬಿಡುತ್ತಾರೆ. ಇದಕ್ಕೇನು ಮಾಡುವುದು?

ಕೋಲಾರ ಮೃದಂಗ:
ಅವರ ಕೈಯಲ್ಲಿ ತಾಳ ಹಾಕಿಸಿ. ಚರಣದಲ್ಲಿ ಒಂದು ಪೆಟ್ಟು, ಎರಡು ಬೆರಳೆಣಿಕೆ, ಅಷ್ಟೇ. ಕ್ಲಿಕ್ ಕಿರುಬೆರಳಿಗೆ ಬಿದ್ದರೆ ಅದು ನಡುವಿನ ಎಣಿಕೆ ಎಂದು ಕೈಯೇ ತಿಳಿಸುತ್ತದೆ. ಅಲ್ಲಿಯವರೆಗೆ ಅವರಿಗೆ 96ರ ಕ್ಲಿಕ್ಕೇ ಇರಲಿ.

ಗೌರಿಬಿದನೂರು ಗಾಯಕ:
ಚರಣದ ಸಾಹಿತ್ಯ ಮೊದಲ ಎಣಿಕೆಗೇ ಎತ್ತುಗಡೆಯೇ, ಅಥವಾ ಪಲ್ಲವಿಯ ನಾಲ್ಕನೆಯ ಎಣಿಕೆಯಿಂದಲೇ ಶುರುವೇ? ಹಿಂದಿನಿಂದ ಶುರುವಾಗುತ್ತಿದ್ದರೆ ಆ ಅಕ್ಷರವನ್ನೇ ಅವರು ಒಂದು ಎಂದು ಎಣಿಸುತ್ತಿರಬಹುದು.

ತುಮಕೂರು ಗಿಟಾರ್:
ನಾಲ್ಕನೆಯ ಎಣಿಕೆಯಿಂದಲೇ ಶುರು. ಇದನ್ನು ಗಮನಿಸಿರಲಿಲ್ಲ. ಭಾನುವಾರದ ಅಭ್ಯಾಸದಲ್ಲಿ ಆ ಅಕ್ಷರ ಬಿಟ್ಟು ಹಾಡಿಸಿ, ಮತ್ತೆ ಅಳೆದು ಬರೆಯುತ್ತೇನೆ.