ಅಪ್‌ಡೇಟ್: ಆಶ್ ಬಣ್ಣದ ಮೇಲೆ ಕಂಡ ಹಸಿರು ಛಾಯೆ ಹೋಯಿತು

ನನ್ನ ಪ್ರಶ್ನೆ: “ಬ್ಲೀಚ್ ಮಾಡಿದ ಕೂದಲಿಗೆ ಆಶ್ ಶೇಡ್ ಹಚ್ಚಿದ ಮೇಲೆ ತುದಿಗಳು ಹಸಿರಾಗಿವೆ. ಮತ್ತೆ ಬ್ಲೀಚ್ ಮಾಡದೆ ಸರಿಪಡಿಸಬಹುದೇ?”

ಸರಿಪಡಿಸಬಹುದು, ನನ್ನದು ಸರಿಹೋಗಿದೆ. ಬ್ಲೀಚ್ ಮಾಡಿದ ಕೂದಲಿನಲ್ಲಿ ಹಳದಿ ಉಳಿದಿರುತ್ತದೆ, ನಾನು ಹಚ್ಚಿದ ಆಶ್ ಶೇಡಿನಲ್ಲಿ ನೀಲಿ ಪ್ರಧಾನವಾಗಿತ್ತು, ಅವೆರಡೂ ಸೇರಿ ಹಸಿರಾಯಿತು. ತುದಿಗಳು ಹೆಚ್ಚು ಬಣ್ಣ ಹೀರುವುದರಿಂದ ಅಲ್ಲಿ ಅದು ಗಾಢವಾಗಿತ್ತು. ನೇರಳೆ ಶ್ಯಾಂಪೂ ಹಳದಿಯನ್ನು ತಗ್ಗಿಸುತ್ತದೆಯೇ ಹೊರತು ಹಸಿರನ್ನಲ್ಲ. ಹಸಿರಿಗೆ ಎದುರಾದ ಬಣ್ಣ ಕೆಂಪು.

ಆದ್ದರಿಂದ ಕೂದಲಿನಷ್ಟೇ ತಿಳಿಯಾದ, ಅಮೋನಿಯಾ ಇಲ್ಲದ ತಾಮ್ರವರ್ಣದ ಡೆಮಿ ಪರ್ಮನೆಂಟ್ ಬಣ್ಣದ 1 ಭಾಗಕ್ಕೆ ಬಣ್ಣರಹಿತ ಕ್ಲಿಯರ್ 3 ಭಾಗ ಸೇರಿಸಿ, ಶೇ. 1.9ರ ಸೌಮ್ಯ ಡೆವಲಪರನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ಬೆರೆಸಿದೆ. ಮೊದಲು ಕಿವಿಯ ಹಿಂದಿನ ಒಂದು ಎಳೆಯ ಮೇಲೆ ಪರೀಕ್ಷಿಸಿದೆ, ಈ ಹಂತವನ್ನು ದಯವಿಟ್ಟು ಯಾರೂ ಬಿಡಬೇಡಿ. ಬಳಿಕ ಟವೆಲಿನಿಂದ ಒರೆಸಿದ ಒದ್ದೆ ಕೂದಲಿಗೆ, ಹಸಿರು ಇದ್ದ ಕಡೆ ಮಾತ್ರ ಹಚ್ಚಿ, ಎರಡೆರಡು ನಿಮಿಷಕ್ಕೊಮ್ಮೆ ಒಂದು ಎಳೆಯನ್ನು ಟಿಶ್ಯೂವಿನಿಂದ ಒರೆಸಿ ಹಗಲಿನ ಬೆಳಕಿನಲ್ಲಿ ನೋಡುತ್ತಿದ್ದೆ. ಪಾಚಿಯಂತಿದ್ದ ಛಾಯೆ ಮೊದಲು ಮಂಕು ಬೂದಾಗಿ, ಆಮೇಲೆ ತಿಳಿಗಂದಾಯಿತು. ಆ ಕ್ಷಣವೇ ತೊಳೆದೆ, ಏಕೆಂದರೆ ಇನ್ನೂ ಬಿಟ್ಟಿದ್ದರೆ ತುದಿಗಳು ಕಿತ್ತಳೆಯತ್ತ ತಿರುಗುತ್ತಿದ್ದವು.

ಈ ಬಣ್ಣ ಶಾಶ್ವತವಲ್ಲ: ತಾಮ್ರದ ಅಂಶ ತೊಳೆದುಹೋದಂತೆ ಹಸಿರು ಮತ್ತೆ ಸ್ವಲ್ಪ ಇಣುಕಬಹುದು, ಆಗ ಇದೇ ಮಿಶ್ರಣವನ್ನು ಇನ್ನಷ್ಟು ತೆಳುವಾಗಿಸಿ ಹಚ್ಚುತ್ತೇನೆ. ಮುಂದಿನ ಬಾರಿ ನೀಲಿಯ ಬದಲು ನೇರಳೆ ಪ್ರಧಾನವಾದ ಆಶ್ ಶೇಡನ್ನೇ ಆರಿಸಿಕೊಳ್ಳುತ್ತೇನೆ.