ಚಾರ್ಜ್ ಆಗುತ್ತದೆ, ಹಾಡು ಮಾತ್ರ ಬರಲ್ಲ: ಕಾರಿನ ಸ್ಟೀರಿಯೋಗೆ ಯಾವ ಕೇಬಲ್?

ಕೇಳಿದವರು: ಕಾರಿನ ಸ್ಟೀರಿಯೋದ ಯುಎಸ್‌ಬಿಗೆ ಫೋನ್ ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ. ಆದರೆ ಆಂಡ್ರಾಯ್ಡ್ ಆಟೋ ಬರಲ್ಲ, ಹಾಡೂ ಇಲ್ಲ. ಸ್ಟೀರಿಯೋ ಕೆಟ್ಟಿದೆಯಾ, ಕೇಬಲ್ಲಾ? ಯಾವ ಕೇಬಲ್ ತಗೊಳ್ಳಲಿ?

ಮೈಸೂರಿನಿಂದ ಒಬ್ಬರು: 65 ವಾಟ್‌ನ ಫಾಸ್ಟ್ ಚಾರ್ಜಿಂಗ್ ಕೇಬಲ್ ತನ್ನಿ, ಎಲ್ಲಾ ಸರಿಹೋಗುತ್ತದೆ. ನಾನು ಹಾಗೇ ಮಾಡಿದ್ದು. ಅಗ್ಗದ್ದು ಬೇಡವೇ ಬೇಡ.

ಶಿವಮೊಗ್ಗ, ಕಾರ್ ಆಡಿಯೋ ಅಂಗಡಿ: ಅರ್ಧ ನಿಜ ಸಾರ್. ಕೆಲವು ಫಾಸ್ಟ್ ಚಾರ್ಜರ್‌ಗಳು ಫೋನ್ ಜೊತೆ ಮಾತಾಡೋದು ಡೇಟಾ ತಂತಿಯಲ್ಲೇ. ಹಾಗಾಗಿ ಅಂಥ ಕೇಬಲ್‌ನಲ್ಲಿ ಡೇಟಾ ಇರುತ್ತದೆ. ಆದರೆ ವಾಟ್ ಅಂದರೆ ಕರೆಂಟಿನ ಲೆಕ್ಕ ಅಷ್ಟೇ, ಡೇಟಾ ಹೋಗುತ್ತದೋ ಇಲ್ಲವೋ ಅದು ಹೇಳಲ್ಲ.

ಒಂದು ಸಾಧಾರಣ ಯುಎಸ್‌ಬಿ ಕೇಬಲ್ ಸೀಳಿದರೆ ನಾಲ್ಕು ತಂತಿ. ಕೆಂಪು, ಕಪ್ಪು ಕರೆಂಟಿಗೆ. ಹಸಿರು, ಬಿಳಿ ಡೇಟಾಕ್ಕೆ. ಬರೀ ಚಾರ್ಜಿಂಗ್ ಕೇಬಲ್‌ನಲ್ಲಿ ಆ ಹಸಿರು, ಬಿಳಿ ಹಾಕಿರುವುದೇ ಇಲ್ಲ. ಫೋನಿಗೆ 5 ವೋಲ್ಟ್ ಸಿಗುತ್ತದೆ, ಅದಕ್ಕೇ ಚಾರ್ಜ್ ಆಗುತ್ತದೆ. ಆಚೆ ಕಡೆ ಸ್ಟೀರಿಯೋ ಇದೆ ಅಂತ ಫೋನಿಗೆ ಗೊತ್ತೇ ಆಗಲ್ಲ, ಗೋಡೆಯ ಚಾರ್ಜರ್ ಅಂದುಕೊಂಡು ಕೂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಏನು ಬದಲಾಯಿಸಿದರೂ ಉಪಯೋಗವಿಲ್ಲ.

ಮೊನ್ನೆ ಒಬ್ಬರು ಸ್ಟೀರಿಯೋನೇ ಬದಲಾಯಿಸಿಕೊಡಿ ಅಂತ ಬಂದಿದ್ದರು. ಅವರ ಕೇಬಲ್ ಟ್ರಿಮ್ಮರ್ ಜೊತೆ ಬಂದಿದ್ದು. ದೊಡ್ಡ ಚಪ್ಪಟೆ ತುದಿಯ ಬಾಯೊಳಗೆ ಟಾರ್ಚ್ ಬಿಟ್ಟು ತೋರಿಸಿದೆ: ಅಂಚಿನ ಎರಡು ಚಿನ್ನದ ಪಟ್ಟಿ ಮಾತ್ರ, ನಡುವಿನ ಎರಡು ಇರಲೇ ಇಲ್ಲ. ಅಂಗಡಿಯ ಕೇಬಲ್ ಹಾಕಿದ ತಕ್ಷಣ ಆಂಡ್ರಾಯ್ಡ್ ಆಟೋ ಬಂತು. ಆದರೆ ನಾಲ್ಕೂ ಪಟ್ಟಿ ಕಂಡರೆ ಡೇಟಾ ಇದ್ದೇ ಇದೆ ಅಂತ ನಂಬಬೇಡಿ, ಪಟ್ಟಿ ಹಾಕಿ ಒಳಗೆ ಎರಡೇ ತಂತಿ ಎಳೆದಿರುವ ಕೇಬಲ್‌ಗಳೂ ಇವೆ. ಖಚಿತ ಬೇಕಾದರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಫೋನ್‌ನ ನೋಟಿಫಿಕೇಶನ್‌ನಲ್ಲಿ ಯುಎಸ್‌ಬಿ ಆಯ್ಕೆ ಬಂದು, ಒತ್ತಿದಾಗ “File transfer” ಕಂಡರೆ ಕೇಬಲ್ ಸರಿಯಿದೆ. ಚಾರ್ಜಿಂಗ್ ಗುರುತು ಮಾತ್ರ ಬಂದರೆ ಆ ಕೇಬಲ್ ಪವರ್‌ಬ್ಯಾಂಕಿಗೆ ಇಟ್ಟುಕೊಳ್ಳಿ.

ಕಾರವಾರದಿಂದ: ನನ್ನ ಹಳೇ ಕಾರಲ್ಲಿ ಯುಎಸ್‌ಬಿನೇ ಇಲ್ಲ, ಆಕ್ಸ್ ತೂತು ಮಾತ್ರ. ಫೋನಿನಲ್ಲಿ ಹೆಡ್‌ಫೋನ್ ಜಾಕ್ ಇಲ್ಲ. ನಾನೂ ಡೇಟಾ ಕೇಬಲ್ ತಗೋಬೇಕಾ?

ಶಿವಮೊಗ್ಗ: ಬೇಡ, ನಿಮ್ಮದು ಬೇರೆ ದಾರಿ. ಟೈಪ್-ಸಿಯಿಂದ 3.5 ಎಂಎಂಗೆ ಹೋಗುವ ಅಡಾಪ್ಟರ್ ಸಾಕು. ಒಳಗೆ ಚಿಪ್ ಇರುವುದನ್ನೇ ಕೇಳಿ ತಗೊಳ್ಳಿ. ಚಿಪ್ ಇಲ್ಲದ ಅಗ್ಗದ್ದು ಕೆಲವೇ ಫೋನ್‌ಗಳಲ್ಲಿ ಕೆಲಸ ಮಾಡುತ್ತದೆ.

ಬೆಂಗಳೂರಿನಿಂದ: ಇಷ್ಟೆಲ್ಲ ಯಾಕೆ? ಬ್ಲೂಟೂತ್ ಹಾಕಿ, ಮುಗೀತು.

ಶಿವಮೊಗ್ಗ: ಬರೀ ಹಾಡು ಸಾಕು ಅಂದರೆ ಸರಿನೇ. ಮ್ಯಾಪ್ ಪರದೆಯ ಮೇಲೆ ಬೇಕು ಅಂದರೆ, ವೈರ್‌ಲೆಸ್ ಆಂಡ್ರಾಯ್ಡ್ ಆಟೋ ಇಲ್ಲದ ಸ್ಟೀರಿಯೋಗೆ ಕೇಬಲ್ ಬೇಕೇ ಬೇಕು.

ತಗೊಳ್ಳುವಾಗ ಪ್ಯಾಕೆಟ್ ಮೇಲೆ “480 Mbps” ಅಥವಾ “data sync” ಅಂತ ಬರೆದಿದೆಯಾ ನೋಡಿ. ಯುಎಸ್‌ಬಿ 2.0 ವೇಗ ಅದು, ಹಾಡಿಗೂ ಮ್ಯಾಪಿಗೂ ಧಾರಾಳ. ಜಾಸ್ತಿ ದುಡ್ಡು ಕೊಟ್ಟು 10 ಜಿಬಿಪಿಎಸ್ ಕೇಬಲ್ ತರಬೇಡಿ. ಉದ್ದ ಒಂದು ಮೀಟರ್ ಒಳಗಿರಲಿ, ಗೇರ್ ಹತ್ತಿರದ ಪೋರ್ಟಿಗೆ ಅಷ್ಟು ಸಾಕಲ್ವಾ?

ಇನ್ನೊಂದು ವಿಷಯ. ಎಷ್ಟೋ ಕಾರಲ್ಲಿ ಎರಡು ಯುಎಸ್‌ಬಿ ಇರುತ್ತದೆ, ಒಂದು ಚಾರ್ಜಿಂಗಿಗೆ ಮಾತ್ರ. ಅದರಲ್ಲಿ ಎಂಥ ಕೇಬಲ್ ಹಾಕಿದರೂ ಹಾಡು ಬರಲ್ಲ. ಹಳೇ ಸ್ಟೀರಿಯೋ ಆದರೆ ಪೆನ್‌ಡ್ರೈವ್ ಮಾತ್ರ ಓದುತ್ತದೆ. ಈಗಿನ ಆಂಡ್ರಾಯ್ಡ್ ಫೋನ್ ಪೆನ್‌ಡ್ರೈವ್ ಥರ ಕಾಣಿಸಿಕೊಳ್ಳಲ್ಲ, ಅಲ್ಲಿ ಒಳ್ಳೇ ಡೇಟಾ ಕೇಬಲ್ ಕೂಡ ಸೋಲುತ್ತದೆ.

ಕೇಳಿದವರು: ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ, ಬರೀ ಚಾರ್ಜಿಂಗ್. ಫೋನ್ ಡಬ್ಬಿಯಲ್ಲಿದ್ದ ಕೇಬಲ್ ಹಾಕಿದೆ, ಆಂಡ್ರಾಯ್ಡ್ ಆಟೋ ಬಂತು! ಆದರೆ ಹಂಪ್ ಹತ್ತಿದಾಗೆಲ್ಲ ಕಟ್ ಆಗಿ ಮತ್ತೆ ಕನೆಕ್ಟ್ ಆಗುತ್ತಿದೆ.

ಮೈಸೂರಿನಿಂದ: ಅದಕ್ಕೇ ಹೇಳಿದ್ದು, ದಪ್ಪನೆಯ ಕೇಬಲ್ ತಗೊಳ್ಳಿ ಅಂತ.

ಶಿವಮೊಗ್ಗ: ಕೇಬಲ್‌ನ ತುದಿ ಸಡಿಲವಿರಬಹುದು, ಕಾರಿನ ಪೋರ್ಟ್ ಸವೆದಿರಬಹುದು. ನೋಡದೆ ಹೇಳಲಾಗಲ್ಲ. ಮೊದಲು ಫೋನ್ ಆಫ್ ಮಾಡಿ ಚಾರ್ಜಿಂಗ್ ತೂತಿನೊಳಗೆ ಬೆಳಕು ಬಿಟ್ಟು ನೋಡಿ. ಜೇಬಿನ ಹತ್ತಿಧೂಳು ಕೂತಿದ್ದರೆ ಮರದ ಹಲ್ಲುಕಡ್ಡಿಯಿಂದ ನಿಧಾನಕ್ಕೆ ತೆಗೆಯಿರಿ. ಪಿನ್ನು, ಸೂಜಿ ಬೇಡ. ಆಮೇಲೂ ಕಟ್ ಆದರೆ ಇನ್ನೊಂದು ಫೋನ್ ಅದೇ ಕೇಬಲ್‌ಗೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ, ಏನಾಯಿತು ಅಂತ ಬರೆಯಿರಿ.